ಅನಿಲ ಹಿಡಿದಿಡುವುದು ಕೋಣೆ: ಸ್ವಿಚ್ ರೂಮಿನ ಹತ್ತು ನಿಮಿಷದ ಲೆಕ್ಕ



ದತ್ತಿ ಉಪನ್ಯಾಸಗಳಲ್ಲಿ ದೊಡ್ಡ ವಿಷಯ ಆರಿಸಿಕೊಳ್ಳುವುದು ವಾಡಿಕೆ. ನಾನು ಒಂದು ಕೋಣೆಯನ್ನು ಆರಿಸಿಕೊಂಡಿದ್ದೇನೆ. ನಿಮ್ಮ ಕಚೇರಿ, ಆಸ್ಪತ್ರೆ, ಅಪಾರ್ಟ್‌ಮೆಂಟ್ ಎಲ್ಲದರಲ್ಲೂ ಆ ಕೋಣೆ ಇದೆ. ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ತಲೆಬುರುಡೆಯ ಚಿತ್ರ, ಕೆಳಗೆ 'ಅಪಾಯ, 415 ವೋಲ್ಟ್' ಎಂಬ ಫಲಕ. ಸ್ವಿಚ್ ರೂಮ್. ಅದರ ಮೂಲೆಯಲ್ಲಿ ಈಚೆಗೆ ಕೆಂಪು ಸಿಲಿಂಡರುಗಳು ನಿಂತಿರುತ್ತವೆ, ಸೂರಿನಡಿ ಒಂದು ಪೈಪು, ಪೈಪಿನ ತುದಿಯಲ್ಲಿ ನಾಝಲ್. ಬೆಂಕಿ ಹತ್ತಿದರೆ, ಬಿಟ್ಟ ಹತ್ತು ಸೆಕೆಂಡಿನೊಳಗೆ ಅನಿಲ ಕೋಣೆ ತುಂಬುತ್ತದೆ, ಬೆಂಕಿ ಆರುತ್ತದೆ, ಪ್ಯಾನೆಲ್ಲಿನ ಮೇಲೆ ನೀರಿನ ಹನಿಯೂ ಪುಡಿಯ ಕಣವೂ ಉಳಿಯುವುದಿಲ್ಲ. ಆ ಕಾರಣಕ್ಕೇ ಇದಕ್ಕೆ ಕ್ಲೀನ್ ಏಜೆಂಟ್ ಎಂದು ಹೆಸರು.

ಸಿಲಿಂಡರು ಕೊಳ್ಳುವವರು ಅನೇಕರು. ಅನಿಲ ಬಿಟ್ಟ ಮೇಲೆ ಅದು ಆ ಕೋಣೆಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಕೇಳುವವರು ಕಡಿಮೆ. ಇವತ್ತಿನ ಮಾತೆಲ್ಲ ಆ ಪ್ರಶ್ನೆಯ ಸುತ್ತ. ಸಿಲಿಂಡರಿನ ಲೆಕ್ಕ ಅರ್ಧ ಪುಟದ್ದು, ಅದನ್ನು ತಪ್ಪು ಮಾಡುವವರು ಅಪರೂಪ. ಕೋಣೆಯ ಲೆಕ್ಕವನ್ನು ಬಹುಪಾಲು ಜನ ಮಾಡುವುದೇ ಇಲ್ಲ.

ಮೊದಲು ಅನಿಲದ ಬಗ್ಗೆ ಸ್ವಲ್ಪ. ಒಂದು ಕಾಲಕ್ಕೆ ಹ್ಯಾಲಾನ್ 1301 ಎಲ್ಲ ಕಡೆ ಇತ್ತು. ಓಝೋನ್ ಪದರಕ್ಕೆ ಕೇಡು ಎಂದು 1987ರ ಮಾಂಟ್ರಿಯಲ್ ಒಪ್ಪಂದದ ಅಡಿ ಅದನ್ನು ಕೈಬಿಟ್ಟರು. ಅದರ ಜಾಗಕ್ಕೆ ಬಂದವುಗಳಲ್ಲಿ ನಮ್ಮಲ್ಲಿ ಹೆಚ್ಚು ಬಳಕೆಯಾದದ್ದು ಎಚ್‌ಎಫ್‌ಸಿ-227ಇಎ. ವ್ಯಾಪಾರದ ಮಾತಿನಲ್ಲಿ ಎಫ್‌ಎಂ-200 ಎಂದರೆ ಎಲ್ಲರಿಗೂ ಗೊತ್ತು. ಅದರ ಜೊತೆಗೆ ಎಫ್‌ಕೆ-5-1-12 ಎಂಬ ದ್ರವ ಇದೆ. ನೈಟ್ರೋಜನ್, ಆರ್ಗಾನ್ ಮತ್ತು ಸ್ವಲ್ಪ ಇಂಗಾಲದ ಡೈಆಕ್ಸೈಡ್ ಬೆರೆಸಿದ ಐಜಿ-541ರಂಥ ಜಡ ಅನಿಲಗಳೂ ಇವೆ. ಎಚ್‌ಎಫ್‌ಸಿ-227ಇಎ ಓಝೋನಿಗೆ ಕೇಡು ಮಾಡುವುದಿಲ್ಲ, ಆದರೆ ಭೂಮಿಯನ್ನು ಬಿಸಿ ಮಾಡುವ ಗುಣ ಅದಕ್ಕೆ ಇಂಗಾಲದ ಡೈಆಕ್ಸೈಡಿಗಿಂತ ಮೂರು ಸಾವಿರ ಪಟ್ಟು ಹೆಚ್ಚು. 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿದೆ, ಹಾಗಾಗಿ ಮುಂದಿನ ದಶಕಗಳಲ್ಲಿ ಇದರ ಬಳಕೆಯೂ ಇಳಿಯಲೇಬೇಕು. ಆದರೂ ಈಗ ಸ್ವಿಚ್ ರೂಮುಗಳಲ್ಲಿ ನಿಂತಿರುವುದು ಬಹಳ ಕಡೆ ಇದೇ ಆಗಿರುವುದರಿಂದ ಲೆಕ್ಕವನ್ನು ಇದರಲ್ಲೇ ಮಾಡುತ್ತೇನೆ. ಇಂಗಾಲದ ಡೈಆಕ್ಸೈಡನ್ನೇ ಏಕೆ ತುಂಬಬಾರದು ಎಂದು ಕೆಲವರು ಕೇಳುತ್ತಾರೆ. ಅದರಿಂದ ಬೆಂಕಿ ಆರಿಸಲು ಕನಿಷ್ಠ ಶೇ. 34ರಷ್ಟು ಬೇಕು, ಒಳಗಿದ್ದ ಮನುಷ್ಯ ಅಷ್ಟರಲ್ಲಿ ಬದುಕುವುದಿಲ್ಲ. ಜನ ಓಡಾಡುವ ಕೋಣೆಗೆ ಅದು ಬೇಡ.

ಈಗ ಒಂದು ಕೋಣೆಯನ್ನು ಎದುರಿಗಿಟ್ಟುಕೊಳ್ಳೋಣ. ಬೆಂಗಳೂರಿನ ಒಂದು ಕಟ್ಟಡದ ನೆಲಮಹಡಿಯ ಎಲ್‌ಟಿ ಸ್ವಿಚ್ ರೂಮ್ ಎಂದುಕೊಳ್ಳಿ. ಉದ್ದ 12 ಮೀಟರ್, ಅಗಲ 7, ಎತ್ತರ 3.5. ನೆಲದಡಿ ಕೇಬಲ್ ಟ್ರೆಂಚ್ ಇದೆ, ಅದರ ಒಳಗಾತ್ರ 18 ಘನ ಮೀಟರ್. ಟ್ರೆಂಚಿಗೆ ಚೆಕರ್ಡ್ ಪ್ಲೇಟ್ ಮುಚ್ಚಿದ್ದಾರೆ ಎಂದು ಅದನ್ನು ಲೆಕ್ಕದಿಂದ ಬಿಡುವ ಹಾಗಿಲ್ಲ; ಅನಿಲ ಭಾರದ್ದು, ಮೊದಲು ಇಳಿಯುವುದೇ ಅಲ್ಲಿಗೆ. ಪ್ಯಾನೆಲ್ಲುಗಳ ಗಾತ್ರವನ್ನು ಕಳೆಯುವ ಹಾಗೂ ಇಲ್ಲ, ಅವು ಒಳಗೆ ಟೊಳ್ಳು. ಒಟ್ಟು 312 ಘನ ಮೀಟರ್.

ಎಷ್ಟು ಸಾಂದ್ರತೆ ಬೇಕು? ಕಾಗದ, ಮರ, ಪ್ಲಾಸ್ಟಿಕ್ಕಿನಂಥ ಘನವಸ್ತುಗಳ ಬೆಂಕಿಯನ್ನು ಪ್ರಯೋಗದಲ್ಲಿ ಆರಿಸಲು ಈ ಅನಿಲ ಸುಮಾರು ಶೇ. 5.2 ಸಾಕಾಗುತ್ತದೆ. ಅದಕ್ಕೆ 1.2ರ ಸುರಕ್ಷತಾ ಗುಣಕ ಹಾಕಿದರೆ ಶೇ. 6.24. ಆದರೆ ಸ್ವಿಚ್ ರೂಮಿನಲ್ಲಿ ವಿದ್ಯುತ್ ಹರಿಯುತ್ತಿರುತ್ತದೆ. ಬೆಂಕಿ ಆರಿದ ಮೇಲೂ ಕಾದ ತಂತಿ ಶಾಖ ಉಣಿಸುತ್ತಲೇ ಇರುತ್ತದೆ. ಅದಕ್ಕಾಗಿ ಎನ್‌ಎಫ್‌ಪಿಎ 2001 ಸಂಹಿತೆ ಗುಣಕವನ್ನು 1.35ಕ್ಕೆ ಏರಿಸಿತು. 5.2ನ್ನು 1.35ರಿಂದ ಗುಣಿಸಿದರೆ ಶೇ. 7. ನಮ್ಮ ಕೋಣೆಗೆ ಇದೇ ಅಂಕಿ.

ಇಲ್ಲೊಂದು ಗೆರೆ ಇದೆ, ಬಹಳ ಜನ ಅದನ್ನು ಗಮನಿಸುವುದಿಲ್ಲ. ಆ 1.35 ಗುಣಕ 480 ವೋಲ್ಟಿನವರೆಗೆ ಮಾತ್ರ. ಅದಕ್ಕಿಂತ ಮೇಲಿನ ವೋಲ್ಟೇಜಿನ ಸಾಮಾನು ಅನಿಲ ಬಿಟ್ಟ ಮೇಲೂ ಚಾಲೂ ಇರುವುದಾದರೆ ಸಾಂದ್ರತೆಯನ್ನು ಪುಸ್ತಕದಿಂದ ತೆಗೆದುಕೊಳ್ಳುವಂತಿಲ್ಲ. ಅಪಾಯದ ವಿಶ್ಲೇಷಣೆ ಮಾಡಿ, ಅಗತ್ಯ ಬಿದ್ದರೆ ಪರೀಕ್ಷೆ ನಡೆಸಿ ನಿರ್ಧರಿಸಬೇಕು. ನಮ್ಮ 415 ವೋಲ್ಟಿನ ಪ್ಯಾನೆಲ್ ಗೆರೆಯ ಈಚೆ ಇದೆ. ಪಕ್ಕದ ಕೋಣೆಯ 11 ಕೆವಿ ಸ್ವಿಚ್‌ಗೇರ್ ಆಚೆ ಇದೆ. ಎರಡಕ್ಕೂ ಒಂದೇ ಶೇ. 7 ಬರೆದ ಡ್ರಾಯಿಂಗ್ ಕಂಡರೆ ಆ ಡ್ರಾಯಿಂಗ್ ಮಾಡಿದವರಿಗೆ ಈ ಗೆರೆ ಗೊತ್ತಿಲ್ಲ ಎಂದೇ ಅರ್ಥ. 11 ಕೆವಿ ಕೋಣೆಗೆ ನನ್ನ ಸಲಹೆ ನೇರವಾದದ್ದು: ಅನಿಲ ಬಿಡುವ ಮೊದಲು ಬ್ರೇಕರ್ ಟ್ರಿಪ್ ಆಗಲಿ. ಫೈರ್ ಪ್ಯಾನೆಲ್ಲಿನಿಂದ ಶಂಟ್ ಟ್ರಿಪ್ ಕಾಯಿಲಿಗೆ ಒಂದು ಜೋಡಿ ತಂತಿ ಎಳೆಯುವುದು ದೊಡ್ಡ ಖರ್ಚಲ್ಲ. ಒಂದು ಮಾತು ನೆನಪಿರಲಿ, ಆರ್ಕ್ ಫ್ಲ್ಯಾಶನ್ನು ಯಾವ ಅನಿಲವೂ ತಡೆಯುವುದಿಲ್ಲ. ಅದು ರಿಲೇ ಮತ್ತು ಬ್ರೇಕರ್‌ಗಳ ಕೆಲಸ. ಅನಿಲ ಇರುವುದು ಆರ್ಕ್ ಮುಗಿದ ಮೇಲೆ ಹೊತ್ತಿ ಉರಿಯುವ ಕೇಬಲ್ ಹೊದಿಕೆಗೆ, ವೈರಿಂಗ್ ಬಂಡಲ್ಲಿಗೆ.

ಈಗ ಕಿಲೋಗ್ರಾಂ. ಸೂತ್ರ ಇಷ್ಟೇ:

W = (V / S) × C / (100 − C)

W ಬೇಕಾದ ತೂಕ, V ಗಾತ್ರ, C ಶೇಕಡಾ ಸಾಂದ್ರತೆ. S ಎಂದರೆ ಒಂದು ಕಿಲೋ ಅನಿಲ ಆವಿಯಾದಾಗ ಹಿಡಿಯುವ ಜಾಗ; ಈ ಅನಿಲಕ್ಕೆ ಸಮುದ್ರ ಮಟ್ಟದಲ್ಲಿ S = 0.1269 + 0.000513 T. T ಎಂಬುದು ಕೋಣೆಯ ಕನಿಷ್ಠ ಉಷ್ಣತೆ. ತಣ್ಣಗಿದ್ದಾಗ ಅನಿಲ ಕಡಿಮೆ ಜಾಗ ಹಿಡಿಯುತ್ತದೆ, ಹೆಚ್ಚು ತೂಕ ಬೇಕಾಗುತ್ತದೆ. ಆದ್ದರಿಂದ ಕನಿಷ್ಠ ಉಷ್ಣತೆಯಲ್ಲೇ ಲೆಕ್ಕ. ಬೆಂಗಳೂರಿನ ಡಿಸೆಂಬರ್ ರಾತ್ರಿಗೆ, ಪ್ಯಾನೆಲ್ಲಿನ ಮೇಲೆ ಲೋಡ್ ಕಡಿಮೆ ಇರುವ ಹೊತ್ತಿಗೆ, 15 ಡಿಗ್ರಿ ಹಿಡಿಯೋಣ. S 0.1346 ಆಗುತ್ತದೆ, ಉತ್ತರ ಸುಮಾರು 174.5 ಕಿಲೋ.

ಆದರೆ ಬೆಂಗಳೂರು ಸಮುದ್ರ ಮಟ್ಟದಲ್ಲಿಲ್ಲ, 900 ಮೀಟರಿಗಿಂತ ಮೇಲಿದೆ. ಇಲ್ಲಿನ ಗಾಳಿ ತೆಳು, ಅದೇ ಕಿಲೋ ಅನಿಲ ಹೆಚ್ಚು ಜಾಗ ಹಿಡಿಯುತ್ತದೆ. 3,000 ಅಡಿಗೆ ಸಂಹಿತೆ ಕೊಡುವ ತಿದ್ದುಪಡಿ ಗುಣಕ 0.89. ಹಾಗಾಗಿ ನಮಗೆ ಬೇಕಾದದ್ದು ಸುಮಾರು 155 ಕಿಲೋ. ಮಂಗಳೂರಿನ ಇಂಥದೇ ಕೋಣೆಗಿಂತ ಇಲ್ಲಿ 19 ಕಿಲೋ ಕಡಿಮೆ ಸಾಕು. ಹೆಚ್ಚಿದ್ದರೆ ನಷ್ಟವೇನು ಎನ್ನುತ್ತಾರೆ. ಸಾಮಾನ್ಯವಾಗಿ ನಷ್ಟ ದುಡ್ಡಿನದು, ಕೆಲವೊಮ್ಮೆ ಮನುಷ್ಯರದು. ಈ ಅನಿಲದಲ್ಲಿ ಹೃದಯದ ಮೇಲೆ ಯಾವ ದುಷ್ಪರಿಣಾಮವೂ ಕಾಣದ ಮಿತಿ ಶೇ. 9, ಪರಿಣಾಮ ಕಾಣತೊಡಗುವ ಕನಿಷ್ಠ ಮಟ್ಟ ಶೇ. 10.5. ನಮ್ಮ 155 ಕಿಲೋವನ್ನು ಏಪ್ರಿಲ್ ಮಧ್ಯಾಹ್ನ 40 ಡಿಗ್ರಿಯ ಕೋಣೆಗೆ ಬಿಟ್ಟರೆ ಸಾಂದ್ರತೆ ಶೇ. 7.6ರ ಆಸುಪಾಸು ಏರುತ್ತದೆ, ತೊಂದರೆಯಿಲ್ಲ. ಎತ್ತರದ ತಿದ್ದುಪಡಿ ಬಿಟ್ಟು 174.5 ಕಿಲೋ ತುಂಬಿದ್ದರೆ ಅದೇ ಮಧ್ಯಾಹ್ನ ಸುಮಾರು ಶೇ. 8.5. ಅದರ ಮೇಲೆ 'ಇರಲಿ' ಎಂದು ಇನ್ನೊಂದು ಇಪ್ಪತ್ತು ಕಿಲೋ ಸೇರಿಸುವ ಗುತ್ತಿಗೆದಾರ ಸಿಕ್ಕಿದರೆ ಶೇ. 9 ದಾಟುತ್ತದೆ. ಆದ್ದರಿಂದ ಲೆಕ್ಕವನ್ನು ಯಾವಾಗಲೂ ಎರಡು ತುದಿಯಿಂದ ಮಾಡಬೇಕು: ಚಳಿಯಲ್ಲಿ ಸಾಲುತ್ತದೆಯೇ, ಸೆಕೆಯಲ್ಲಿ ಮೀರುತ್ತದೆಯೇ.

ಇಲ್ಲಿಗೆ ಸಿಲಿಂಡರಿನ ಲೆಕ್ಕ ಮುಗಿಯಿತು. ಬಹಳಷ್ಟು ಕಡತಗಳೂ ಇಲ್ಲಿಗೇ ಮುಗಿಯುತ್ತವೆ.

ಅನಿಲ ಬಿಟ್ಟ ಹತ್ತು ಸೆಕೆಂಡಿನಲ್ಲಿ ಜ್ವಾಲೆ ಆರುತ್ತದೆ ಎಂದುಕೊಳ್ಳೋಣ. ಮತ್ತೆ ಹತ್ತು ನಿಮಿಷ ಅದನ್ನು ಹಿಡಿದಿಡಬೇಕು ಎಂದು ಸಂಹಿತೆ ಏಕೆ ಹೇಳುತ್ತದೆ? ಜ್ವಾಲೆ ಆರಿದ ಕ್ಷಣದಲ್ಲಿ ಪ್ಯಾನೆಲ್ಲಿನೊಳಗಿನ ತಾಮ್ರದ ಬಸ್‌ಬಾರ್ ಇನ್ನೂ ಕಾದಿರುತ್ತದೆ. ಕೇಬಲ್ ಕಟ್ಟಿನ ಒಳಪದರದಲ್ಲಿ ಪಿವಿಸಿ ಕಂದುತ್ತಿರುತ್ತದೆ. ಪ್ಯಾನೆಲ್ಲಿನ ಬಾಗಿಲು ಮುಚ್ಚಿದೆ; ಹೊರಗಿನ ಅನಿಲ ಒಳಹೋಗಬೇಕಾದದ್ದು ಲೂವರ್ ಸಂದುಗಳಿಂದ, ಕೆಳಗಿನ ಗ್ಲ್ಯಾಂಡ್ ಪ್ಲೇಟಿನ ತೂತುಗಳಿಂದ. ಧೂಳು ಬರಬಾರದೆಂದು ಗ್ಯಾಸ್ಕೆಟ್ ಹಾಕಿ ಬಿಗಿ ಮಾಡಿದ ಪ್ಯಾನೆಲ್ಲಾದರೆ ಅದು ಇನ್ನೂ ನಿಧಾನ. ಈ ಹತ್ತು ನಿಮಿಷ ಆ ಒಳಹೋಗುವಿಕೆಗೆ, ಲೋಹ ತಣಿಯುವುದಕ್ಕೆ, ಯಾರಾದರೂ ತಿಳಿದವರು ಬಂದು ವಿದ್ಯುತ್ ಕಡಿಯುವುದಕ್ಕೆ. ಐದನೇ ನಿಮಿಷಕ್ಕೆ ಪ್ಯಾನೆಲ್ಲಿನ ಎತ್ತರದಲ್ಲಿ ಅನಿಲ ಇಲ್ಲದೆ ಬರಿ ಗಾಳಿ ಬಂದಿತು ಎಂದರೆ ಕಂದುತ್ತಿದ್ದದ್ದು ಮತ್ತೆ ಹೊತ್ತುತ್ತದೆ. ಎರಡನೇ ಸಲ ಬಿಡಲು ಸಿಲಿಂಡರಿನಲ್ಲಿ ಏನೂ ಉಳಿದಿರುವುದಿಲ್ಲ.

ಹತ್ತು ನಿಮಿಷದ ಉದ್ದಕ್ಕೂ ಪೂರ್ತಿ ಶೇ. 7 ಇರಬೇಕೆಂದಿಲ್ಲ. ವಿನ್ಯಾಸದ ಸಾಂದ್ರತೆಯ ಶೇ. 85 ಉಳಿದರೆ ಸಾಕು, ಎಂದರೆ ನಮಗೆ 5.95. ಪ್ರಯೋಗದಲ್ಲಿ ಬೆಂಕಿ ಆರಿಸಿದ 5.2ಕ್ಕಿಂತ ಅದು ಮೇಲೆಯೇ ಇದೆ. ಆದರೆ ಎಲ್ಲಿ ಉಳಿಯಬೇಕು? ರಕ್ಷಿಸಬೇಕಾದ ವಸ್ತುವಿನ ಅತಿ ಎತ್ತರದ ಬಿಂದುವಿನಲ್ಲಿ. ಈ ಒಂದು ಷರತ್ತಿನಲ್ಲಿ ಇಡೀ ವಿನ್ಯಾಸ ನಿಂತಿದೆ, ಆದ್ದರಿಂದ ಇದರ ಮೇಲೆ ಸ್ವಲ್ಪ ಹೊತ್ತು ಕಳೆಯುತ್ತೇನೆ.

ಎಚ್‌ಎಫ್‌ಸಿ-227ಇಎಯ ಅಣುತೂಕ 170, ಗಾಳಿಯದು ಸರಾಸರಿ 29. ಶೇ. 7 ಬೆರೆತ ಗಾಳಿ ಬರಿ ಗಾಳಿಗಿಂತ ಮೂರನೆಯ ಒಂದು ಪಾಲಿನಷ್ಟು ಹೆಚ್ಚು ಭಾರ. ಮೂರೂವರೆ ಮೀಟರ್ ಎತ್ತರದ ಇಂಥ ಮಿಶ್ರಣ ನೆಲದ ಬಳಿ ಹೊರಗಿನ ಗಾಳಿಗಿಂತ ಸುಮಾರು 12 ಪಾಸ್ಕಲ್ ಹೆಚ್ಚಿನ ಒತ್ತಡ ಹಾಕುತ್ತದೆ. ಅದು ಒಂದೂಕಾಲು ಮಿಲಿಮೀಟರ್ ನೀರಿನ ಎತ್ತರದಷ್ಟೇ, ಕೈಗೆ ತಿಳಿಯುವುದೂ ಇಲ್ಲ. ಆದರೆ ಹತ್ತು ನಿಮಿಷ ಬಿಡದೆ ತಳ್ಳುತ್ತದೆ. ಕೆಳಗಿನ ಸಂದುಗಳಿಂದ ಮಿಶ್ರಣ ಹೊರಗೆ ಹರಿಯುತ್ತದೆ, ಮೇಲಿನ ಸಂದುಗಳಿಂದ ಗಾಳಿ ಒಳಗೆ ಬರುತ್ತದೆ, ನಡುವೆ ಒಂದು ಮಟ್ಟ ನಿಧಾನವಾಗಿ ಇಳಿಯುತ್ತದೆ. ಮಾಳಿಗೆಯ ಮೇಲಿನ ನೀರಿನ ಟ್ಯಾಂಕಿನ ನಲ್ಲಿ ಬಿಟ್ಟಾಗ ನೀರಿನ ಮಟ್ಟ ಇಳಿಯುವ ಹಾಗೆಯೇ. ಟ್ಯಾಂಕಿನ ಮುಚ್ಚಳ ಗಾಳಿಯಾಡದಂತೆ ಬಿಗಿಯಾಗಿದ್ದರೆ ನಲ್ಲಿಯಲ್ಲಿ ನೀರು ಸರಾಗವಾಗಿ ಬರುವುದಿಲ್ಲ, ಅಲ್ಲವೇ? ಇಲ್ಲೂ ಅದೇ. ಮೇಲೊಂದು ಕೆಳಗೊಂದು ತೂತು ಇದ್ದಾಗ ಸೋರಿಕೆ ಅತಿ ಜೋರು. ಪರೀಕ್ಷೆಯ ಲೆಕ್ಕದಲ್ಲಿ ಒಟ್ಟು ಸೋರಿಕೆಯ ಅರ್ಧ ಸೂರಿನ ಬಳಿ, ಅರ್ಧ ನೆಲದ ಬಳಿ ಎಂದು ಹಿಡಿಯುವುದು ಅದಕ್ಕೆ. ಅತಿ ಕೆಟ್ಟ ಹಂಚಿಕೆ ಅದು.

ಈ ಭೌತಶಾಸ್ತ್ರವನ್ನು ನಮ್ಮ ಕೋಣೆಗೆ ಹಚ್ಚಿ ನಾನು ಒಂದು ಸರಳ ಅಂದಾಜು ಮಾಡಿದೆ. ಪರೀಕ್ಷಾ ಸಾಫ್ಟ್‌ವೇರ್ ಕೊಡುವ ಅಂಕಿ ಇದಕ್ಕಿಂತ ತುಸು ಆಚೀಚೆ ಇರುತ್ತದೆ, ಚಿತ್ರ ಬದಲಾಗುವುದಿಲ್ಲ. ಪ್ಯಾನೆಲ್ಲುಗಳ ಎತ್ತರ 2.3 ಮೀಟರ್. ಹತ್ತು ನಿಮಿಷದ ಕೊನೆಗೆ ಅನಿಲದ ಮಟ್ಟ 2.3 ಮೀಟರಿಗಿಂತ ಕೆಳಗಿಳಿಯಬಾರದು ಎಂದರೆ ಕೋಣೆಯ ಎಲ್ಲ ಸಂದುಗಳೂ ಸೇರಿ ಸುಮಾರು 1,900 ಚದರ ಸೆಂಟಿಮೀಟರ್ ಇರಬಹುದು. ಸುಮಾರು 44 ಸೆಂಟಿಮೀಟರ್ ಚೌಕದ ಒಂದು ಕಿಟಕಿಯಷ್ಟು. ಇದು ಧಾರಾಳವಾದ ಮಿತಿ. ಸುಮಾರಾಗಿ ಕಟ್ಟಿದ ಕೋಣೆಯೂ ಪಾಸಾಗುತ್ತದೆ.

ಆದರೆ ತಲೆಯೆತ್ತಿ ನೋಡಿ. ಪ್ಯಾನೆಲ್ಲಿನ ಮೇಲೆ ಕೇಬಲ್ ಟ್ರೇ ಹೋಗುತ್ತಿದೆ, ಟ್ರಾನ್ಸ್‌ಫಾರ್ಮರಿನಿಂದ ಬಸ್ ಡಕ್ಟ್ ಬರುತ್ತಿದೆ. ಅವುಗಳ ಎತ್ತರ ಮೂರು ಮೀಟರ್. ಕೋಣೆಯಲ್ಲಿ ಉರಿಯುವ ಸರಕಿನ ಬಹುಪಾಲು ಇರುವುದು ಆ ಟ್ರೇಯಲ್ಲೇ. ಅದನ್ನು ರಕ್ಷಿಸಬೇಕು ಎಂದಾದರೆ ಮಟ್ಟ ಅರ್ಧ ಮೀಟರಿಗಿಂತ ಹೆಚ್ಚು ಇಳಿಯುವಂತಿಲ್ಲ. ಆಗ ಒಪ್ಪಬಹುದಾದ ಸಂದು ಸುಮಾರು 750 ಚದರ ಸೆಂಟಿಮೀಟರ್. ಕೋಣೆ ಅದೇ, ಅನಿಲ ಅದೇ, ಕಿಲೋ ಅದೇ. ಒಂದು ಅಂಕಿಯನ್ನು 2.3ರಿಂದ 3.0ಕ್ಕೆ ತಿದ್ದಿದ್ದಕ್ಕೆ ಮಿತಿ ಅರ್ಧಕ್ಕಿಂತ ಕೆಳಗಿಳಿಯಿತು. ಆ ಅಂಕಿಯನ್ನು ಪರೀಕ್ಷೆಯ ಹಾಳೆಯಲ್ಲಿ ತುಂಬುವವರು ಯಾರು? ಹೆಚ್ಚಿನ ಸಲ ಪರೀಕ್ಷೆಗೆ ಬಂದ ಹುಡುಗ. ಅವನಿಗೆ ಟ್ರೇ ರಕ್ಷಿಸಬೇಕೋ ಬೇಡವೋ ಯಾರೂ ಹೇಳಿರುವುದಿಲ್ಲ. ವಿನ್ಯಾಸಕಾರ ಡ್ರಾಯಿಂಗಿನಲ್ಲಿ ಬರೆಯಬೇಕಾದ ಮೊದಲ ಅಂಕಿ ಇದು ಎಂಬುದು ನನ್ನ ಖಚಿತ ಅಭಿಪ್ರಾಯ, ಕಿಲೋ ಆಮೇಲೆ.

ಸಂದು ಎಷ್ಟಿದೆ ಎಂದು ಅಳೆಯುವುದಕ್ಕೆ ಡೋರ್ ಫ್ಯಾನ್ ಟೆಸ್ಟ್ ಇದೆ. ಮೊದಲೆಲ್ಲ ಅನಿಲವನ್ನೇ ಬಿಟ್ಟು ನೋಡುತ್ತಿದ್ದರು; ದುಬಾರಿ, ಪರಿಸರಕ್ಕೂ ಕೇಡು. ಈಗ ಕೋಣೆಯ ಬಾಗಿಲಿನ ಚೌಕಟ್ಟಿಗೆ ಬಟ್ಟೆಯ ಪರದೆ ಬಿಗಿದು, ಅದರಲ್ಲಿ ಒಂದು ದೊಡ್ಡ ಫ್ಯಾನ್ ಕೂರಿಸಿ, ಕೋಣೆಯೊಳಗೆ ಗಾಳಿ ತುಂಬುತ್ತಾರೆ. 10 ಪಾಸ್ಕಲಿನಿಂದ ಆರಂಭಿಸಿ ಹಂತ ಹಂತವಾಗಿ ಒತ್ತಡ ಏರಿಸಿ, ಪ್ರತಿ ಹಂತದಲ್ಲೂ ಆ ಒತ್ತಡ ಉಳಿಸಲು ಫ್ಯಾನ್ ಎಷ್ಟು ಗಾಳಿ ನೂಕಬೇಕಾಯಿತು ಎಂದು ಬರೆದುಕೊಳ್ಳುತ್ತಾರೆ. ಆಮೇಲೆ ಫ್ಯಾನ್ ತಿರುಗಿಸಿ ಗಾಳಿ ಹೊರಗೆಳೆದು ಮತ್ತೆ ಅಳೆಯುತ್ತಾರೆ. ಎರಡರ ಸರಾಸರಿಯಿಂದ ಕೋಣೆಯ ಒಟ್ಟು ಸಂದು ಎಷ್ಟು ಚದರ ಸೆಂಟಿಮೀಟರಿಗೆ ಸಮ ಎಂದು ತಿಳಿಯುತ್ತದೆ. ಅದರಿಂದ ಹೋಲ್ಡ್ ಟೈಮ್.

ನಮ್ಮ ಕೋಣೆಯಲ್ಲಿ ಮೊದಲ ಅಳತೆ 2,400 ಚದರ ಸೆಂಟಿಮೀಟರ್ ಬಂತು ಎಂದುಕೊಳ್ಳಿ. 2.3 ಮೀಟರ್ ಎತ್ತರಕ್ಕೆ ಹೋಲ್ಡ್ ಟೈಮ್ ಸುಮಾರು ಎಂಟು ನಿಮಿಷ, ಮೂರು ಮೀಟರಿಗೆ ಮೂರೇ ನಿಮಿಷ. ಎರಡೂ ಫೇಲು. ಈಗ ಹುಡುಕಾಟ ಶುರು. ಫ್ಯಾನ್ ಓಡುತ್ತಿರುವಾಗಲೇ ಸ್ಮೋಕ್ ಪೆನ್ಸಿಲ್ ಹಿಡಿದು ಗೋಡೆಯುದ್ದಕ್ಕೂ ನಡೆಯಬೇಕು. ಎಳೆ ಹೊಗೆ ಎಲ್ಲಿ ಸಟ್ಟನೆ ಬಾಗುತ್ತದೋ ಅಲ್ಲಿ ಸಂದು. ಬಾಗಿಲಡಿಯ ಸಂದು ಎಲ್ಲರಿಗೂ ಕಾಣುತ್ತದೆ, ಅದು ಚಿಕ್ಕದು. ಎಕ್ಸಾಸ್ಟ್ ಫ್ಯಾನಿನ ಲೂವರಿಗೆ ಮುಚ್ಚುವ ಡ್ಯಾಂಪರ್ ಇದೆಯೇ, ಇದ್ದರೂ ಅದರ ಬ್ಲೇಡು ಪೂರ್ತಿ ಕೂರುತ್ತದೆಯೇ ನೋಡಬೇಕು. ಬಸ್ ಡಕ್ಟ್ ಗೋಡೆ ದಾಟುವ ಕಡೆ ಸುತ್ತ ಗಾರೆ ಮೆತ್ತಿರುತ್ತಾರೆ. ಡಕ್ಟಿನ ಒಳಗಿಂದ ಗಾಳಿ ಹೋಗುವುದನ್ನು ಮರೆತಿರುತ್ತಾರೆ. ಗೋಡೆ ಸೂರನ್ನು ಮುಟ್ಟುವ ಕಡೆ, ಬೀಮಿನ ಪಕ್ಕದಲ್ಲಿ, ಇಟ್ಟಿಗೆ ಒಂದು ವರಸೆ ಕಡಿಮೆ ಬಿದ್ದಿರುತ್ತದೆ. ಏಣಿ ಹಾಕದೆ ಕಾಣುವುದಿಲ್ಲ.

ಆದರೆ ನನ್ನ ಅನುಭವದಲ್ಲಿ ದೊಡ್ಡ ಅಪರಾಧಿ ಟ್ರೆಂಚ್. ಚೆಕರ್ಡ್ ಪ್ಲೇಟ್ ಎತ್ತಿಸಿ ಟಾರ್ಚ್ ಬಿಟ್ಟು ನೋಡಿ. ಟ್ರೆಂಚ್ ಗೋಡೆಯಡಿಗೆ ನುಗ್ಗಿ ನೇರ ಟ್ರಾನ್ಸ್‌ಫಾರ್ಮರ್ ಯಾರ್ಡಿಗೋ ಪಕ್ಕದ ಬ್ಯಾಟರಿ ರೂಮಿಗೋ ಹೋಗಿರುತ್ತದೆ. ಕೇಬಲ್ ಎಳೆಯುವಾಗ ತೆರೆದ ಬಾಯಿ ಹಾಗೆಯೇ ಉಳಿದಿರುತ್ತದೆ, ಬಹಳ ಆದರೆ ಒಂದಿಷ್ಟು ಮರಳು ಸುರಿದಿರುತ್ತಾರೆ. ಭಾರದ ಅನಿಲಕ್ಕೆ ಇದಕ್ಕಿಂತ ಸಲೀಸಾದ ದಾರಿ ಬೇರೆ ಇಲ್ಲ, ಏಕೆಂದರೆ ಅದು ಕೋಣೆಯ ಅತಿ ತಗ್ಗಿನ ಜಾಗ. ಮುಚ್ಚಿದ್ದ ಒಂದು ಕಡೆ ಮತ್ತೆ ತೆರೆದಿದ್ದನ್ನು ಕಂಡು ಕೇಳಿದಾಗ ಅಲ್ಲಿನ ಎಲೆಕ್ಟ್ರಿಷಿಯನ್ ಹೇಳಿದ್ದು: "ಇವಿ ಚಾರ್ಜಿಂಗಿಗೆ ಹೊಸ ಕೇಬಲ್ ಎಳೀಬೇಕಿತ್ತು ಸಾರ್, ಮೆತ್ತಿದ್ದು ಒಡೆದ್ವಿ. ಮತ್ತೆ ಮೆತ್ತೋಕೆ ಯಾರೂ ಹೇಳ್ಲಿಲ್ಲ." ಅವನದು ತಪ್ಪಲ್ಲ. ಕೇಬಲ್ ಎಳೆಯುವ ವರ್ಕ್ ಆರ್ಡರಿನಲ್ಲಿ ಆ ಸಾಲು ಇರಲೇ ಇಲ್ಲ.

ಮುಚ್ಚುವುದಕ್ಕೆ ಏನು ಬಳಸಬೇಕು ಎಂಬುದೂ ಮುಖ್ಯ. ಹಳದಿ ಪಾಲಿಯುರೆಥೇನ್ ಫೋಮ್ ಸುಲಭ, ಸ್ಪ್ರೇ ಕ್ಯಾನಿನಲ್ಲಿ ಬರುತ್ತದೆ, ಉಬ್ಬಿ ಚೆನ್ನಾಗಿ ತುಂಬಿಕೊಳ್ಳುತ್ತದೆ, ಬೆಂಕಿಗೆ ಚೆನ್ನಾಗಿ ಉರಿಯುತ್ತದೆ. ಬೇಡ. ಬೆಂಕಿ ತಡೆಯುವ ಗಾರೆ, ಶಾಖಕ್ಕೆ ಉಬ್ಬುವ ಸೀಲಂಟ್, ಮತ್ತು ಆಗಾಗ ಕೇಬಲ್ ಸೇರಿಸಬೇಕಾದ ಕಡೆ ತೆಗೆದು ಮತ್ತೆ ತುರುಕಬಹುದಾದ ಫೈರ್ ಪಿಲ್ಲೋ. ಟ್ರೆಂಚಿನ ಬಾಯಿಗೆ ನಾನು ಪಿಲ್ಲೋವನ್ನೇ ಬಯಸುತ್ತೇನೆ. ಒಡೆಯದೆ ತೆಗೆಯುವುದು ಸಾಧ್ಯವಾದರೆ ಮತ್ತೆ ಇಡುವ ಸಾಧ್ಯತೆಯೂ ಹೆಚ್ಚು. ಟ್ರೆಂಚ್, ಬಸ್ ಡಕ್ಟ್, ಡ್ಯಾಂಪರ್ ಮೂರನ್ನೂ ಸರಿಮಾಡಿ ನಮ್ಮ ಕೋಣೆಯ ಸಂದನ್ನು 600 ಚದರ ಸೆಂಟಿಮೀಟರಿಗೆ ಇಳಿಸಿದೆವು ಎಂದರೆ, ಮೂರು ಮೀಟರ್ ಎತ್ತರಕ್ಕೂ ಹೋಲ್ಡ್ ಟೈಮ್ ಹನ್ನೆರಡೂವರೆ ನಿಮಿಷ. ಪಾಸು. ಒಂದು ಗ್ರಾಂ ಅನಿಲ ಹೆಚ್ಚಿಸಲಿಲ್ಲ.

ಸೋರುವ ಕೋಣೆಗೆ ಅನಿಲವನ್ನೇ ಹೆಚ್ಚು ತುಂಬಿದರಾಯಿತಲ್ಲ ಎಂಬ ಪ್ರಶ್ನೆ ಪ್ರತಿ ಸಭೆಯಲ್ಲೂ ಬರುತ್ತದೆ. ಅನಿಲ ಹೆಚ್ಚಾದಷ್ಟೂ ಮಿಶ್ರಣ ಭಾರವಾಗುತ್ತದೆ, ಭಾರವಾದಷ್ಟೂ ಬೇಗ ಹರಿದು ಹೋಗುತ್ತದೆ, ಮಟ್ಟ ಇನ್ನೂ ಬೇಗ ಇಳಿಯುತ್ತದೆ. ಮಟ್ಟದ ಮೇಲೆ ಉಳಿದ ಟ್ರೇಗೆ ಆ ಹೆಚ್ಚುವರಿ ಕಿಲೋದಿಂದ ಏನೂ ಸಿಗುವುದಿಲ್ಲ.

ಹಾಗೆಂದು ಕೋಣೆಯನ್ನು ಡಬ್ಬಿಯಂತೆ ಬಿಗಿ ಮಾಡಿದರೆ ಬೇರೆ ಪೇಚು. 155 ಕಿಲೋ ದ್ರವ ಹತ್ತು ಸೆಕೆಂಡಿನಲ್ಲಿ ಆವಿಯಾಗುವಾಗ ಮೊದಲ ಒಂದೆರಡು ಸೆಕೆಂಡು ಕೋಣೆಯ ಗಾಳಿಯ ಶಾಖ ಹೀರಿಕೊಳ್ಳುತ್ತದೆ, ಒತ್ತಡ ಹೊರಗಿಗಿಂತ ಕೆಳಗಿಳಿಯುತ್ತದೆ, ಆಮೇಲೆ ಮೇಲೇರುತ್ತದೆ. ಹಗುರವಾದ ಜಿಪ್ಸಮ್ ಗೋಡೆಯಾದರೆ ಬಿರುಕು ಬಿಡಬಹುದು, ಬಾಗಿಲು ಕಳಚಿಕೊಳ್ಳಬಹುದು. ಜಡ ಅನಿಲಗಳಲ್ಲಿ ಒತ್ತಡ ಏರುವುದೊಂದೇ, ಅದೂ ಜೋರಾಗಿ. ಅದಕ್ಕೆ ಪ್ರೆಶರ್ ರಿಲೀಫ್ ಡ್ಯಾಂಪರ್ ಬೇಕಾಗುತ್ತದೆ: ಒತ್ತಡ ಬಂದಾಗ ತೆರೆದು, ಇಳಿದಾಗ ತಂತಾನೇ ಮುಚ್ಚುವ ರೆಕ್ಕೆಗಳದ್ದು. ನಮ್ಮ ಅನಿಲಕ್ಕಾದರೆ ಅದು ಎರಡೂ ದಿಕ್ಕಿಗೆ ತೆರೆಯಬೇಕು, ಮತ್ತು ಗೋಡೆಯ ಮೇಲ್ಭಾಗದಲ್ಲಿರಬೇಕು. ಕೆಳಗಿಟ್ಟರೆ ಅದೇ ಇನ್ನೊಂದು ಟ್ರೆಂಚ್ ಬಾಯಿ. ಗೋಡೆ ಎಷ್ಟು ಒತ್ತಡ ತಾಳುತ್ತದೆ ಎಂದು ಕಟ್ಟಡದ ಎಂಜಿನಿಯರನ್ನು ಕೇಳಿಯೇ ಇದರ ಅಳತೆ ನಿರ್ಧರಿಸಬೇಕು. ಫೈರ್ ಗುತ್ತಿಗೆದಾರನಿಗೆ ಗೋಡೆಯ ಸಂಗತಿ ಗೊತ್ತಿರುವುದಿಲ್ಲ.

ವಾತಾಯನದ ಬಗ್ಗೆ ಒಂದೇ ಮಾತು. ಹೊರಗಿನ ಗಾಳಿ ತರುವ ಫ್ಯಾನ್, ಎಕ್ಸಾಸ್ಟ್, ಡ್ಯಾಂಪರ್ ಎಲ್ಲವೂ ಅನಿಲ ಬಿಡುವ ಮೊದಲು ನಿಂತು ಮುಚ್ಚಿರಬೇಕು. ಫ್ಯಾನ್ ಸ್ವಿಚ್ ಆಫ್ ಆದರೂ ಅದರ ರೆಕ್ಕೆ ತಿರುಗಿ ನಿಲ್ಲಲು ಸಮಯ ಬೇಕು. ಎಚ್ಚರಿಕೆಯ ಗಂಟೆಗೂ ಅನಿಲ ಬಿಡುವುದಕ್ಕೂ ನಡುವೆ ಮೂವತ್ತು ಸೆಕೆಂಡಿನ ತಡೆ ಇಡುವುದು ಜನ ಹೊರಗೆ ಹೋಗಲಿ ಎಂದು ಮಾತ್ರವಲ್ಲ.

ಡೋರ್ ಫ್ಯಾನ್ ವರದಿ ಕೈಗೆ ಬಂದಾಗ 'ಪಾಸು' ಎಂಬ ಪದ ನೋಡಿ ಕಡತಕ್ಕೆ ಸೇರಿಸಬೇಡಿ. ಪರೀಕ್ಷೆ ನಡೆದದ್ದು ಹೇಗೆ ಎಂದು ಕೋಣೆಯೇ ಹೇಳುತ್ತದೆ. ಲೂವರಿನ ಸುತ್ತ, ಬಾಗಿಲಡಿ, ಟ್ರೆಂಚ್ ಪ್ಲೇಟಿನ ಅಂಚಿನಲ್ಲಿ ಕಂದು ಟೇಪಿನ ಅಂಟು ಉಳಿದಿದೆಯೇ ಎಂದು ಬೆರಳಾಡಿಸಿ ನೋಡಿ. ಅಂಟು ಸಿಕ್ಕಿದರೆ ಪರೀಕ್ಷೆಯ ದಿನ ಅಲ್ಲಿ ಟೇಪು ಇತ್ತು, ಬೆಂಕಿಯ ದಿನ ಇರುವುದಿಲ್ಲ. ಪರೀಕ್ಷೆಯ ಹೊತ್ತಿಗೆ ಕೋಣೆ ಅನಿಲ ಬಿಡುವಾಗ ಹೇಗಿರುತ್ತದೋ ಹಾಗೆಯೇ ಇರಬೇಕು. ವರದಿಯಲ್ಲಿ ಗಾತ್ರ 294 ಎಂದಿದ್ದರೆ ಟ್ರೆಂಚ್ ಮರೆತಿದ್ದಾರೆ. ರಕ್ಷಿತ ಎತ್ತರ ಪ್ಯಾನೆಲ್ಲಿನ ಎತ್ತರವೇ ಆಗಿದ್ದರೆ ಟ್ರೇ ಮರೆತಿದ್ದಾರೆ. ಮತ್ತು ವರದಿಯ ತಾರೀಖು ನೋಡಿ, ಆಮೇಲೆ ಟ್ರೆಂಚಿನಲ್ಲಿ ಹೊಸ ಬಣ್ಣದ ಕೇಬಲ್ ಇದೆಯೇ ನೋಡಿ. ಇದ್ದರೆ ಆ ವರದಿ ಬೇರೊಂದು ಕೋಣೆಯದು.

ಅನಿಲ ಬಿಟ್ಟ ಮೇಲೆ ಏನಾಗುತ್ತದೆ ಎಂದು ಕಾವಲುಗಾರರಿಗೆ ಹೇಳಿಕೊಟ್ಟಿರುವವರು ಕಡಿಮೆ. ಗಂಟೆ ಬಾರಿಸಿದ ಕೂಡಲೇ ಬಾಗಿಲು ತೆಗೆದು ಇಣುಕುವುದು ಮನುಷ್ಯ ಸಹಜ. ಅಲ್ಲಿಗೆ ಹೋಲ್ಡ್ ಟೈಮ್ ಮುಗಿಯಿತು. ಬೇರೊಂದು ಕಾರಣಕ್ಕೂ ಇಣುಕಬಾರದು. ಈ ಅನಿಲ ಜ್ವಾಲೆಯಲ್ಲಿ ಒಡೆದಾಗ ಹೈಡ್ರೋಜನ್ ಫ್ಲೋರೈಡ್ ಹುಟ್ಟುತ್ತದೆ, ಕಣ್ಣು ಮೂಗು ಶ್ವಾಸಕೋಶ ಸುಡುತ್ತದೆ. ಬೆಂಕಿ ಚಿಕ್ಕದಿರುವಾಗಲೇ ಪತ್ತೆಯಾಗಿ ಅನಿಲ ಬೇಗ ಬಿದ್ದರೆ ಅದರ ಪ್ರಮಾಣ ಕಡಿಮೆ, ತಡವಾದಷ್ಟೂ ಹೆಚ್ಚು. ಹತ್ತು ನಿಮಿಷ ಕಳೆದ ಮೇಲೆ ಹೊರಹಾಕುವ ಎಕ್ಸಾಸ್ಟ್ ನೆಲಮಟ್ಟದಿಂದ ಎಳೆಯುವಂತಿರಬೇಕು. ಸೂರಿನ ಫ್ಯಾನ್ ಹಾಕಿದರೆ ಟ್ರೆಂಚಿನಲ್ಲಿ ನಿಂತ ಅನಿಲ ಅಲ್ಲೇ ಇರುತ್ತದೆ. ಮಾರನೆಯ ಬೆಳಿಗ್ಗೆ ಕೇಬಲ್ ನೋಡಲು ಟ್ರೆಂಚಿಗೆ ಇಳಿಯುವವನನ್ನು ಮರೆಯಬಾರದು.

ಸಭೆಯಲ್ಲಿ ಟೆಂಡರು ಬರೆಯುವವರು, ಬಿಲ್ಲು ಪಾಸು ಮಾಡುವವರು ಇದ್ದೀರಿ. ನಿಮ್ಮಲ್ಲಿ ಒಂದು ಕೋರಿಕೆ. ಈಗಿನ ಟೆಂಡರುಗಳಲ್ಲಿ ಅನಿಲ ಮತ್ತು ಸಿಲಿಂಡರು ಫೈರ್ ಗುತ್ತಿಗೆದಾರನ ಬಾಬತ್ತು, ಗೋಡೆ ಸಿವಿಲ್‌ನದು, ಕೇಬಲ್ ತೂತು ಎಲೆಕ್ಟ್ರಿಕಲ್‌ನದು, ಡ್ಯಾಂಪರ್ ಎಸಿಯವರದು. ಹತ್ತು ನಿಮಿಷದ ಹೋಲ್ಡ್ ಟೈಮ್ ಯಾರ ಬಾಬತ್ತಿನಲ್ಲೂ ಇಲ್ಲ. ಸಂದು ಮುಚ್ಚುವುದು, ಡೋರ್ ಫ್ಯಾನ್ ಪರೀಕ್ಷೆ, ಫೇಲಾದರೆ ಮತ್ತೆ ಮುಚ್ಚಿ ಮತ್ತೆ ಅಳೆಯುವುದು, ಇಷ್ಟನ್ನೂ ಒಂದೇ ಐಟಂ ಆಗಿ ಒಬ್ಬನ ಹೆಸರಿಗೆ ಬರೆಯಿರಿ, ರಕ್ಷಿತ ಎತ್ತರವನ್ನು ಮೀಟರಿನಲ್ಲಿ ನಮೂದಿಸಿ, ಪರೀಕ್ಷೆ ಪಾಸಾಗುವವರೆಗೆ ಸಿಲಿಂಡರಿನ ಕೊನೆಯ ಕಂತು ತಡೆಹಿಡಿಯಿರಿ. ಆಮೇಲಿನ ಪ್ರತಿ ಕೇಬಲ್ ವರ್ಕ್ ಆರ್ಡರಿನಲ್ಲೂ 'ಟ್ರೆಂಚ್ ಬಾಯಿ ಮುಚ್ಚಿ ಸಹಿ ಪಡೆಯತಕ್ಕದ್ದು' ಎಂಬ ಒಂದು ಸಾಲು ಸೇರಿಸಿ.